ಕೂಪನ್ ಕಡಿತವಾಗಿಲ್ಲ, ಡೆಲಿವರಿ ಶುಲ್ಕ ಎರಡು ಸಲ ಬಿದ್ದಿದೆ: ಮಾರಾಟಗಾರರಿಗೆ ಪತ್ರ ಹೇಗೆ ಬರೆಯಲಿ?

ವಸುಧಾ

ಎಲ್ಲರಿಗೂ ನಮಸ್ಕಾರ. ಒಂದು ಆನ್‌ಲೈನ್ ಅಂಗಡಿಯಿಂದ ಮೇಜಿನ ದೀಪ ಮತ್ತು ಹಾಸಿಗೆ ಹೊದಿಕೆ ತರಿಸಿದೆ. ದೀಪಕ್ಕೆ 900, ಹೊದಿಕೆಗೆ 700, ಒಟ್ಟು 1600. ನನ್ನ ಹತ್ತಿರ ಒಂದು ಕೂಪನ್ ಇತ್ತು: 1500ಕ್ಕಿಂತ ಹೆಚ್ಚಿನ ಖರೀದಿಗೆ ಶೇಕಡ 20 ರಿಯಾಯಿತಿ, ಗರಿಷ್ಠ 250. ಅದನ್ನು ಹಾಕಿದಾಗ ಹಸಿರು ಗುರುತು ಬಂತು. ಕಾರ್ಟ್ ಪುಟದಲ್ಲಿ ಡೆಲಿವರಿ ಶುಲ್ಕ 80 ಸೇರಿ 1430 ಎಂದು ತೋರಿಸಿತು. ಆ ಪುಟದ ಸ್ಕ್ರೀನ್‌ಶಾಟ್ ನನ್ನ ಬಳಿ ಇದೆ.

ಕಾರ್ಡಿನಿಂದ ಕಡಿತವಾದದ್ದು 1760. ಸಾಮಾನು ಎರಡು ಪೊಟ್ಟಣಗಳಲ್ಲಿ ಬಂತು. ಎರಡು ಇನ್‌ವಾಯ್ಸ್‌ಗಳಲ್ಲೂ ತಲಾ 80 ಡೆಲಿವರಿ ಶುಲ್ಕ ಹಾಕಿದ್ದಾರೆ, ಕೂಪನ್ನಿನ ಸಾಲು ಎರಡರಲ್ಲೂ ಇಲ್ಲ. ಗ್ರಾಹಕ ಸೇವೆಯವರ ಜೊತೆ ಎರಡು ಸಲ ಚಾಟ್‌ನಲ್ಲಿ ಮಾತಾಡಿದೆ. "ಪರಿಶೀಲಿಸುತ್ತೇವೆ" ಎಂದು ಹೇಳಿ ಮುಚ್ಚಿಬಿಟ್ಟರು. ಈಗ ಪತ್ರ ಬರೆಯಬೇಕು ಎಂದುಕೊಂಡಿದ್ದೇನೆ. ಮೊದಲ ಕರಡು ಹೀಗೆ ಶುರುವಾಗುತ್ತದೆ:

"ನಿಮ್ಮ ಕಂಪನಿ ಗ್ರಾಹಕರನ್ನು ಹಗಲುದರೋಡೆ ಮಾಡುತ್ತಿದೆ. ಕೂಪನ್ ಕೊಟ್ಟಂತೆ ಮಾಡಿ ಕೊಡದಿರುವುದು, ಡೆಲಿವರಿ ಹೆಸರಿನಲ್ಲಿ ಎರಡೆರಡು ಸಲ ಸುಲಿಯುವುದು ನಿಮ್ಮ ರೂಢಿಯೇ ಆಗಿರಬೇಕು. ನನ್ನ ಹಣವನ್ನು ಕೂಡಲೇ ಮರಳಿಸದಿದ್ದರೆ..."

ಹೀಗೆಯೇ ಒಂದೂವರೆ ಪುಟ ಇದೆ. ಕಳಿಸಲೇ?

ಮಧುಸೂದನ

ಪತ್ರ ಬರೆದು ಕಾಯುತ್ತ ಕೂರಬೇಡಿ. ನೇರವಾಗಿ ಬ್ಯಾಂಕಿಗೆ ಹೇಳಿ 1760 ಪೂರ್ತಿ ವಾಪಸ್ ಪಡೆಯಿರಿ. ಇಂಥವರಿಗೆ ಪತ್ರದ ಭಾಷೆ ಅರ್ಥವಾಗುವುದಿಲ್ಲ.

ಗಿರಿಧರ

ಅವಸರ ಬೇಡ. ನನಗೂ ಒಮ್ಮೆ ಹೀಗೆಯೇ ಎರಡು ಸಲ ಕಡಿತವಾಗಿತ್ತು. ಎರಡನೆಯದು ನಿಜವಾದ ಕಡಿತವಲ್ಲ, ಬ್ಯಾಂಕ್ ತಾತ್ಕಾಲಿಕವಾಗಿ ತಡೆಹಿಡಿದ ಮೊತ್ತ. ನಾಲ್ಕೈದು ದಿನದಲ್ಲಿ ತಾನಾಗಿಯೇ ಬಿಟ್ಟುಕೊಂಡಿತು. ನಿಮ್ಮ 80 ಕೂಡ ಹಾಗೆಯೇ ಬರುತ್ತದೆ. ಕೂಪನ್ ವಿಷಯದಲ್ಲಿ ಮಾತ್ರ ಆಸೆ ಬಿಡಿ. ಪಾವತಿಯ ಪುಟದಲ್ಲಿ ಮೊತ್ತ ನೋಡಿಯೇ ಒಟಿಪಿ ಹಾಕಿರುತ್ತೀರಿ. ಒಟಿಪಿ ಹಾಕಿದರೆ ಒಪ್ಪಿಕೊಂಡಂತೆ.

ಶಾರದಮ್ಮ

ನನಗೂ ಇದೇ ಆಗಿದೆ ವಸುಧಾ. ಆರ್ಡರ್ ಮಾಡುವಾಗಲೇ ಡೆಲಿವರಿ ಶುಲ್ಕ ಕೊಟ್ಟಿದ್ದೆ. ಸಾಮಾನು ತಂದ ಹುಡುಗ ಬಾಗಿಲಲ್ಲಿ ಇನ್ನೊಮ್ಮೆ ಕೇಳಿದ, ಕೊಟ್ಟುಬಿಟ್ಟೆ. ರಸೀದಿ ಕೊಡಲಿಲ್ಲ. ಅದನ್ನೂ ಇದೇ ಪತ್ರದಲ್ಲಿ ಸೇರಿಸಿ ಬರೆಯಬಹುದೇ?

ಲೆಕ್ಕದ ಪುಟ

ಒಂಬತ್ತು ವರ್ಷ ಒಂದು ಆನ್‌ಲೈನ್ ಮಾರಾಟ ಸಂಸ್ಥೆಯ ದೂರು ವಿಭಾಗದಲ್ಲಿದ್ದೆ. ಗ್ರಾಹಕರ ದೂರನ್ನು ಇನ್‌ವಾಯ್ಸ್ ಜೊತೆ ತಾಳೆ ನೋಡುವುದೇ ನನ್ನ ಕೆಲಸವಾಗಿತ್ತು. ಒಬ್ಬೊಬ್ಬರಿಗೂ ಉತ್ತರಿಸುತ್ತೇನೆ.

ಗಿರಿಧರ ಅವರೇ, ನೀವು ಹೇಳಿದ್ದು ನಡೆಯುತ್ತದೆ. ಆದರೆ ಬ್ಯಾಂಕಿನ ವಿವರದಲ್ಲಿ ಎರಡು ಪ್ರತ್ಯೇಕ ಸಾಲುಗಳಿದ್ದು, ಅವುಗಳಲ್ಲಿ ಒಂದು 'ಬಾಕಿ' ಸ್ಥಿತಿಯಲ್ಲಿದ್ದಾಗ ಮಾತ್ರ. ವಸುಧಾ ಅವರಿಗೆ ಒಂದೇ ಸಾಲಿನಲ್ಲಿ 1760 ಹೋಗಿದೆ. ಎರಡು ಶುಲ್ಕಗಳೂ ಇನ್‌ವಾಯ್ಸ್‌ನಲ್ಲೇ ಇವೆ. ಅಂದರೆ ತಪ್ಪು ಅಂಗಡಿಯ ಬಿಲ್ಲಿನಲ್ಲಿದೆ, ಬ್ಯಾಂಕಿನಲ್ಲಿಲ್ಲ. ಎಷ್ಟು ದಿನ ಕಾದರೂ ಅದು ತಾನಾಗಿ ಬರುವುದಿಲ್ಲ.

ಶಾರದಮ್ಮನವರೇ, ನಿಮ್ಮದು ಬೇರೆ ದೂರು. ನಿಮ್ಮ ಇನ್‌ವಾಯ್ಸ್‌ನಲ್ಲಿ ಒಂದೇ ಶುಲ್ಕ ಇರುತ್ತದೆ, ಎರಡನೆಯದು ಕಾಗದದ ಮೇಲೆ ಎಲ್ಲೂ ಕಾಣುವುದಿಲ್ಲ. ಪೊಟ್ಟಣದ ಮೇಲಿನ ಚೀಟಿ ಇನ್ನೂ ಇದ್ದರೆ ಅದರಲ್ಲಿ ವಸೂಲಿ ಮಾಡಬೇಕಾದ ಮೊತ್ತದ ಜಾಗ ನೋಡಿ. ಅಲ್ಲಿ ಸೊನ್ನೆ ಇದ್ದರೆ ಅದೇ ನಿಮ್ಮ ಸಾಕ್ಷಿ. ತಲುಪಿಸಿದ ದಿನ, ವೇಳೆ ಹಾಕಿ ಬೇರೆಯೇ ಪತ್ರ ಬರೆಯಿರಿ.

ವಸುಧಾ ಅವರೇ, ಕರಡನ್ನು ಹಾಗೆಯೇ ಕಳಿಸಬೇಡಿ. ಕೋಪ ತಪ್ಪೆಂದು ಹೇಳುತ್ತಿಲ್ಲ. ಆ ಕಡೆ ಕೂತವರು ಪತ್ರದಲ್ಲಿ ಮೊದಲು ಹುಡುಕುವುದು ಆರ್ಡರ್ ಸಂಖ್ಯೆ, ಆಮೇಲೆ ಕೇಳುತ್ತಿರುವ ಮೊತ್ತ. ನಿಮ್ಮ ಒಂದೂವರೆ ಪುಟದಲ್ಲಿ ಅವೆರಡೂ ಎಲ್ಲಿವೆ? ಸಿಗದಿದ್ದರೆ ನಿಮ್ಮ ದೂರು 'ಸಾಮಾನ್ಯ ಅಸಮಾಧಾನ' ಎಂಬ ಗುಂಪಿಗೆ ಹೋಗುತ್ತದೆ. ಅಲ್ಲಿಂದ ಕ್ಷಮಾಪಣೆಯ ಸಿದ್ಧ ಉತ್ತರ ಬರುತ್ತದೆ, ಹಣ ಬರುವುದಿಲ್ಲ.

ಬರೆಯುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಎರಡು ಇನ್‌ವಾಯ್ಸ್‌ಗಳಲ್ಲೂ ಮಾರಾಟಗಾರರ ಹೆಸರು ಒಂದೇ ಇದೆಯೇ? ಅಂಗಡಿಯ ನಿಯಮದ ಪುಟದಲ್ಲಿ ಡೆಲಿವರಿ ಶುಲ್ಕ 'ಪ್ರತಿ ಆರ್ಡರಿಗೆ' ಎಂದಿದೆಯೇ, 'ಪ್ರತಿ ರವಾನೆಗೆ' ಎಂದಿದೆಯೇ? ಪಾವತಿ ಮೊದಲ ಪ್ರಯತ್ನದಲ್ಲೇ ಆಯಿತೇ?

ನೇತ್ರಾ

ನನ್ನದೂ ಒಂದು ಪ್ರಶ್ನೆ. ಆ ಅಂಗಡಿಯಲ್ಲಿ ಉಚಿತ ಡೆಲಿವರಿ ಎಷ್ಟು ಮೊತ್ತದಿಂದ?

ವಸುಧಾ

ಈಗಷ್ಟೇ ಎಲ್ಲವನ್ನೂ ತೆಗೆದು ನೋಡಿದೆ. ಮಾರಾಟಗಾರರು ಒಬ್ಬರೇ, ರವಾನಿಸಿದ ಗೋದಾಮುಗಳು ಬೇರೆ ಬೇರೆ. ನಿಯಮದಲ್ಲಿರುವ ವಾಕ್ಯ ಹೀಗಿದೆ: "ರಿಯಾಯಿತಿ ಕಳೆದ ನಂತರ 1500 ಅಥವಾ ಹೆಚ್ಚಿನ ಮೊತ್ತದ ಆರ್ಡರ್‌ಗಳಿಗೆ ಉಚಿತ ಡೆಲಿವರಿ. ಉಳಿದವಕ್ಕೆ ಪ್ರತಿ ಆರ್ಡರಿಗೆ 80."

ಮೂರನೆಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ನಾನು ಅದನ್ನು ಮರೆತೇಬಿಟ್ಟಿದ್ದೆ. ಪಾವತಿ ಮೊದಲ ಸಲ ವಿಫಲವಾಗಿತ್ತು. 'ಮತ್ತೆ ಪ್ರಯತ್ನಿಸಿ' ಗುಂಡಿ ಒತ್ತಿದೆ. ಎರಡನೆಯ ಸಲ ಆಯಿತು. ಆಗ ಮೊತ್ತವನ್ನು ಗಮನಿಸಲಿಲ್ಲ, ಅದು ನಿಜ. 1430 ಎಂಬುದು ತಲೆಯಲ್ಲಿ ಕೂತಿತ್ತು.

ನೇತ್ರಾ

ಹಾಗಿದ್ದರೆ ಒಂದು ವಿಚಿತ್ರ ಕಾಣುತ್ತಿದೆ. ಕೂಪನ್ ಕಡಿತವಾಗದಿದ್ದರೆ ನಿಮ್ಮ ಆರ್ಡರ್ 1600ರದ್ದು. 1500 ದಾಟಿದೆ. ಆಗ ಡೆಲಿವರಿ ಶುಲ್ಕವೇ ಇರಬಾರದಲ್ಲವೇ? ಎರಡು ಸಲ ಬಿದ್ದದ್ದು ಹಾಗಿರಲಿ, ಒಂದು ಸಲವೂ ಏಕೆ ಬಿತ್ತು?

ಲೆಕ್ಕದ ಪುಟ

ನೇತ್ರಾ ಅವರೇ, ಇಡೀ ದೂರಿನ ಕೀಲಿ ಇದೇ. ನನಗೂ ಮೊದಲು ಹೊಳೆದಿರಲಿಲ್ಲ.

ಕೂಪನ್ ಮಾನ್ಯವಾದರೆ 1600ರಲ್ಲಿ 250 ಕಳೆದು 1350. ಅದು 1500ಕ್ಕಿಂತ ಕಡಿಮೆಯಾದ್ದರಿಂದ ಒಂದು ಶುಲ್ಕ, 80. ಒಟ್ಟು 1430. ಕಾರ್ಟ್ ಪುಟ ತೋರಿಸಿದ್ದೂ ಇದನ್ನೇ. ಕೂಪನ್ ಮಾನ್ಯವಾಗದಿದ್ದರೆ ಮೊತ್ತ 1600, ಡೆಲಿವರಿ ಉಚಿತ. ಒಟ್ಟು 1600. ಅಂಗಡಿಯದೇ ನಿಯಮದಂತೆ ಈ ಎರಡರಲ್ಲಿ ಒಂದು ಮೊತ್ತ ಬರಬೇಕು. 1760 ಯಾವ ದಾರಿಯಲ್ಲೂ ಬರುವುದಿಲ್ಲ. ಶುಲ್ಕ ಹಾಕುವಾಗ ಕೂಪನ್ ಇದೆಯೆಂದು ಲೆಕ್ಕ ಹಿಡಿದಿದ್ದಾರೆ, ರಿಯಾಯಿತಿ ಕೊಡುವಾಗ ಇಲ್ಲವೆಂದು ಹಿಡಿದಿದ್ದಾರೆ. ಆಮೇಲೆ ಆ ಶುಲ್ಕ ಪೊಟ್ಟಣಕ್ಕೊಂದರಂತೆ ಎರಡಾಗಿದೆ.

ಆದ್ದರಿಂದ ನಿಮ್ಮ ಬೇಡಿಕೆಗೆ ಎರಡು ಮಟ್ಟಗಳಿವೆ. ಕೂಪನ್ ಒಪ್ಪಿದರೆ 330 ಮರಳಬೇಕು. ಒಪ್ಪದಿದ್ದರೂ 160 ಮರಳಲೇಬೇಕು. ನೀವು ಬರೀ "ಎರಡನೆಯ ಶುಲ್ಕ ವಾಪಸ್ ಕೊಡಿ" ಎಂದು ಬರೆದಿದ್ದರೆ 80 ಕೊಟ್ಟು ಕಡತ ಮುಚ್ಚುತ್ತಿದ್ದರು. ಕೇಳಿದ್ದಷ್ಟನ್ನು ಕೊಟ್ಟಿದ್ದಾರೆ ಎಂದು ಅವರ ದಾಖಲೆ ಹೇಳುತ್ತಿತ್ತು.

ಇನ್ನೊಂದು ವಿಷಯ. ಎರಡು ಪ್ರಯತ್ನಗಳ ವೇಳೆ ಎಷ್ಟು? ಬ್ಯಾಂಕಿನ ಸಂದೇಶಗಳಲ್ಲಿ ನಿಮಿಷದ ಸಮೇತ ಇರುತ್ತದೆ.

ವಸುಧಾ

ವಿಫಲವಾದದ್ದು ರಾತ್ರಿ 11:54ಕ್ಕೆ. ಯಶಸ್ವಿಯಾದದ್ದು 12:02ಕ್ಕೆ. ಕೂಪನ್‌ನಲ್ಲಿ "30ರವರೆಗೆ ಮಾನ್ಯ" ಎಂದಿತ್ತು. ಮೊದಲ ಪ್ರಯತ್ನ 30ರ ರಾತ್ರಿಯೇ. ಎರಡನೆಯ ಪ್ರಯತ್ನದ ಹೊತ್ತಿಗೆ ದಿನಾಂಕ ದಾಟಿಹೋಗಿದೆ. ಇದನ್ನು ಪತ್ರದಲ್ಲಿ ಹೇಳಬೇಕೇ? ಹೇಳಿದರೆ ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡಂತೆ ಆಗುತ್ತದಲ್ಲ?

ಗಿರಿಧರ

ನೋಡಿ, ನಾನು ಹೇಳಿದ್ದು ಇದೇ. ಅವಧಿ ಮುಗಿದ ಕೂಪನ್. 250 ಮರೆತುಬಿಡಿ.

ಮಧುಸೂದನ

ಯಾಕೆ ಮರೆಯಬೇಕು? ಅವಧಿಯೊಳಗೆ ಕೂಪನ್ ಹಾಕಿದ್ದಾರೆ, ಹಸಿರು ಗುರುತು ಬಂದಿದೆ. ಪಾವತಿ ತಡವಾದದ್ದು ಇವರ ತಪ್ಪಲ್ಲ. ಮೊತ್ತ ಬದಲಾಗಿದೆ ಎಂದು ಆ ಪುಟ ಎಚ್ಚರಿಸಬೇಕಿತ್ತು.

ಲೆಕ್ಕದ ಪುಟ

ಇಬ್ಬರ ಮಾತಿನಲ್ಲೂ ಅರ್ಧರ್ಧ ಹುರುಳಿದೆ. ಕೂಪನ್ ಊರ್ಜಿತವಾಗುವುದು ಅದನ್ನು ಹಾಕಿದ ಕ್ಷಣದಲ್ಲೋ, ಪಾವತಿ ಮುಗಿದ ಕ್ಷಣದಲ್ಲೋ ಎಂಬುದು ಆಯಾ ಅಂಗಡಿಯ ಷರತ್ತಿನ ಮೇಲೆ ನಿಂತಿದೆ. ಷರತ್ತಿನಲ್ಲಿ ಅದನ್ನು ಬರೆಯದ ಅಂಗಡಿಗಳೇ ಹೆಚ್ಚು. ನಾನು ಕೆಲಸ ಮಾಡುತ್ತಿದ್ದಲ್ಲಿ, ಮೊದಲ ಪ್ರಯತ್ನ ಅವಧಿಯೊಳಗೆ ಆಗಿ ಬ್ಯಾಂಕಿನ ಕಾರಣದಿಂದ ವಿಫಲವಾಗಿದ್ದರೆ ರಿಯಾಯಿತಿ ಕೊಡುತ್ತಿದ್ದೆವು. ಎಲ್ಲರೂ ಹಾಗೆ ಮಾಡುತ್ತಾರೆಂದು ಹೇಳಲಾರೆ. ಕೆಲವು ಕಡೆ ವಿಫಲವಾದ ಪ್ರಯತ್ನವೇ ಕೂಪನ್ನನ್ನು 'ಬಳಸಲಾಗಿದೆ' ಎಂದು ಗುರುತು ಮಾಡಿಬಿಡುತ್ತದೆ. ಆಗ ಅವಧಿ ಉಳಿದಿದ್ದರೂ ಎರಡನೆಯ ಸಲ ಅದು ಸಿಗುವುದಿಲ್ಲ.

ಒಟಿಪಿ ಹಾಕಿದ್ದರಿಂದ ಸಾಬೀತಾಗುವುದು ಪಾವತಿ ಮಾಡಿದವರು ಕಾರ್ಡಿನ ಒಡೆಯರೇ ಎಂಬುದು. ಬಿಲ್ಲಿನ ಲೆಕ್ಕ ಸರಿಯಿದೆ ಎಂಬುದು ಅದರಿಂದ ಸಾಬೀತಾಗುವುದಿಲ್ಲ. ಆದರೂ ಪುಟದಲ್ಲಿ 1760 ಎಂದು ಸ್ಪಷ್ಟವಾಗಿ ಕಂಡಿದ್ದರೆ ಅವರು ಅದನ್ನು ಎತ್ತಿ ತೋರಿಸುತ್ತಾರೆ. ಅದಕ್ಕೆ ಸಿದ್ಧರಾಗಿರಿ.

ವೇಳೆಯನ್ನು ಖಂಡಿತ ಬರೆಯಿರಿ. ಅವರ ದಾಖಲೆಯಲ್ಲಿ ಅದು ಸೆಕೆಂಡಿನ ಲೆಕ್ಕದಲ್ಲಿ ಇದೆ. ನೀವು ಮುಚ್ಚಿಟ್ಟು ಅವರು ಹೊರತೆಗೆದರೆ ಉಳಿದ ಬೇಡಿಕೆಗಳ ಮೇಲೂ ಅನುಮಾನ ಬರುತ್ತದೆ. ನೀವೇ ಹೇಳಿದರೆ 11:54ರ ಪ್ರಯತ್ನ ನಿಮ್ಮ ಪರವಾದ ಸಾಕ್ಷಿಯಾಗುತ್ತದೆ. ಆದರೆ ತಪ್ಪು ಏಕಾಯಿತು ಎಂದು ಊಹಿಸಿ ಬರೆಯಬೇಡಿ. "ನಿಮ್ಮ ತಂತ್ರಾಂಶದಲ್ಲಿ ದೋಷವಿದೆ" ಎಂದರೆ "ತಂತ್ರಾಂಶ ವಿಭಾಗ ಪರಿಶೀಲಿಸಿದೆ, ದೋಷವಿಲ್ಲ" ಎಂಬ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕಂಡದ್ದನ್ನು ಮತ್ತು ಕೂಡಿ ಕಳೆದದ್ದನ್ನು ಮಾತ್ರ ಬರೆಯಿರಿ.

ವಸುಧಾ

ನಿನ್ನೆ ರಾತ್ರಿ ಕೂತು ಮತ್ತೆ ಬರೆದೆ. ಕೋಪದ ವಾಕ್ಯಗಳನ್ನು ಒಂದೊಂದಾಗಿ ತೆಗೆಯುವಾಗ ಸಂಕಟವಾಯಿತು. ನೋಡಿ ಹೇಳಿ.

> ವಿಷಯ: ಆರ್ಡರ್ ಸಂಖ್ಯೆ (...): ಹೆಚ್ಚಾಗಿ ಪಡೆದ 330 ಮರಳಿಸುವ ಬಗ್ಗೆ
>
> ಮಾನ್ಯರೇ,
>
> ಮೇಲಿನ ಆರ್ಡರ್‌ನಲ್ಲಿ ನಾನು 900ರ ಮೇಜಿನ ದೀಪ ಮತ್ತು 700ರ ಹಾಸಿಗೆ ಹೊದಿಕೆ ಖರೀದಿಸಿದ್ದೇನೆ. ದಿನಾಂಕ 30ರಂದು ಕೂಪನ್ (...) ಹಾಕಿದಾಗ ಅದು ಸ್ವೀಕೃತವಾಯಿತು. ಕಾರ್ಟ್ ಪುಟವು ರಿಯಾಯಿತಿ 250, ಡೆಲಿವರಿ ಶುಲ್ಕ 80, ಒಟ್ಟು 1430 ಎಂದು ತೋರಿಸಿತು. ರಾತ್ರಿ 11:54ಕ್ಕೆ ಮಾಡಿದ ಪಾವತಿ ವಿಫಲವಾಯಿತು. ಅದೇ ಪುಟದ 'ಮತ್ತೆ ಪ್ರಯತ್ನಿಸಿ' ಗುಂಡಿಯ ಮೂಲಕ 12:02ಕ್ಕೆ ಪಾವತಿ ಪೂರ್ಣಗೊಂಡಿತು. ನನ್ನ ಕಾರ್ಡಿನಿಂದ 1760 ಕಡಿತವಾಗಿದೆ.
>
> ಮೊದಲನೆಯ ಬೇಡಿಕೆ, ಕೂಪನ್: ಅವಧಿಯೊಳಗೆ ಸ್ವೀಕೃತವಾದ ಕೂಪನ್ನಿನ 250 ರಿಯಾಯಿತಿ ಎರಡೂ ಇನ್‌ವಾಯ್ಸ್‌ಗಳಲ್ಲಿ ಇಲ್ಲ. ಅದನ್ನು ಮರಳಿಸಬೇಕು.
>
> ಎರಡನೆಯ ಬೇಡಿಕೆ, ಡೆಲಿವರಿ ಶುಲ್ಕ: ನಿಮ್ಮ ನಿಯಮದ ಪ್ರಕಾರ ಶುಲ್ಕ ಪ್ರತಿ ಆರ್ಡರಿಗೆ 80. ಒಂದೇ ಆರ್ಡರ್ ಅನ್ನು ಎರಡು ಗೋದಾಮುಗಳಿಂದ ಕಳಿಸಿ ಎರಡು ಸಲ ಶುಲ್ಕ ಹಾಕಲಾಗಿದೆ. ಒಂದು ಶುಲ್ಕ, ಅಂದರೆ 80, ಮರಳಿಸಬೇಕು.
>
> ಕೂಪನ್ ಮಾನ್ಯವಲ್ಲ ಎಂಬುದು ನಿಮ್ಮ ನಿಲುವಾದರೆ ಆರ್ಡರ್‌ನ ಮೊತ್ತ 1600 ಆಗುತ್ತದೆ. ನಿಮ್ಮದೇ ನಿಯಮದಂತೆ ಡೆಲಿವರಿ ಉಚಿತವಾಗಬೇಕು. ಆಗ ಎರಡೂ ಶುಲ್ಕಗಳನ್ನು, ಅಂದರೆ 160 ಅನ್ನು, ಮರಳಿಸಬೇಕಾಗುತ್ತದೆ. 1760 ಎಂಬ ಮೊತ್ತ ಯಾವ ಲೆಕ್ಕದಲ್ಲೂ ಬರುವುದಿಲ್ಲ.
>
> ಹಣವನ್ನು ಪಾವತಿ ಮಾಡಿದ ಕಾರ್ಡಿಗೇ ಮರಳಿಸಿ, ತಿದ್ದಿದ ಇನ್‌ವಾಯ್ಸ್‌ಗಳನ್ನು ಕಳಿಸಬೇಕಾಗಿ ವಿನಂತಿ. ಈ ಪತ್ರ ತಲುಪಿದ 10 ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ.
>
> ಲಗತ್ತು: ಕಾರ್ಟ್ ಪುಟದ ಸ್ಕ್ರೀನ್‌ಶಾಟ್, ಎರಡು ಇನ್‌ವಾಯ್ಸ್‌ಗಳು, ಬ್ಯಾಂಕಿನ ಎರಡು ಸಂದೇಶಗಳು, ಚಾಟ್‌ನ ಪ್ರತಿ, ಡೆಲಿವರಿ ನಿಯಮದ ಪುಟ.

ಲೆಕ್ಕದ ಪುಟ

ಚೆನ್ನಾಗಿದೆ. ತಿದ್ದಿದ ಇನ್‌ವಾಯ್ಸ್ ಕೇಳಿದ್ದು ನನಗೆ ವಿಶೇಷವಾಗಿ ಹಿಡಿಸಿತು. ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ. ನಾಳೆ ದೀಪ ಕೆಟ್ಟು ಹಿಂದಿರುಗಿಸಿದರೆ ಇನ್‌ವಾಯ್ಸ್‌ನಲ್ಲಿ ಇರುವ ಬೆಲೆಯನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. 250ರ ರಿಯಾಯಿತಿಯನ್ನು ಸಾಮಾನಿನ ಬೆಲೆಗೆ ತಕ್ಕಂತೆ ಹಂಚಿದರೆ ದೀಪದ ಪಾಲಿಗೆ ಸುಮಾರು 141, ಹೊದಿಕೆಗೆ 109 ಬರುತ್ತದೆ. ಇದು ಕಾಗದದ ಮೇಲೆ ಇಲ್ಲದಿದ್ದರೆ ಆ ಹೊತ್ತಿಗೆ ಇನ್ನೊಂದು ಗೊಂದಲ ಎದ್ದೇಳುತ್ತದೆ.

ನಿಯಮದ ಪುಟದ ಪ್ರತಿಯಲ್ಲಿ ದಿನಾಂಕ ಕಾಣುವಂತೆ ನೋಡಿಕೊಳ್ಳಿ. ಆ ಪುಟಗಳು ಹೇಳದೆ ಕೇಳದೆ ಬದಲಾಗುತ್ತವೆ. ಪತ್ರವನ್ನು ಚಾಟ್‌ನಲ್ಲಿ ಅಂಟಿಸಬೇಡಿ. ದೂರು ಪರಿಹಾರಕ್ಕೆಂದು ಅವರು ಕೊಟ್ಟಿರುವ ಇಮೇಲ್ ವಿಳಾಸಕ್ಕೆ ಕಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮಧುಸೂದನ

ಬ್ಯಾಂಕಿನ ದಾರಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲ. ಯಾಕೆ?

ಲೆಕ್ಕದ ಪುಟ

ತೆಗೆದುಕೊಳ್ಳುತ್ತೇನೆ, ಆದರೆ ಎರಡನೆಯ ಹೆಜ್ಜೆಯಾಗಿ. 1760 ಪೂರ್ತಿ ಕೇಳುವುದು ಸರಿಯಲ್ಲ. ಸಾಮಾನು ಕೈಗೆ ಬಂದಿದೆ, ಬಳಕೆಯಲ್ಲೂ ಇದೆ. ಅಂಗಡಿಯವರು ತಲುಪಿಸಿದ ದಾಖಲೆ ತೋರಿಸಿದರೆ ತಕರಾರು ಬಿದ್ದುಹೋಗುತ್ತದೆ. ಗ್ರಾಹಕರ ಖಾತೆಯನ್ನೇ ಮುಚ್ಚುವ ಅಂಗಡಿಗಳೂ ಇವೆ. ವಿವಾದವಿರುವ ಮೊತ್ತಕ್ಕಷ್ಟೇ ತಕರಾರು ಹಾಕಬಹುದು.

ಹಾಕುವಾಗ ಕಾರಣವನ್ನು ಸರಿಯಾಗಿ ಹೇಳಬೇಕು. ವೀಸಾ ನಿಯಮಗಳಲ್ಲಿ 'ತಪ್ಪು ಮೊತ್ತ'ಕ್ಕೆ ಒಂದು ಸಂಕೇತ, 12.5. 'ಒಂದೇ ವಹಿವಾಟು ಎರಡು ಸಲ' ಎಂಬುದಕ್ಕೆ ಇನ್ನೊಂದು, 12.6. ವಸುಧಾ ಅವರು "ಶುಲ್ಕ ಎರಡು ಸಲ" ಎಂದು ಬ್ಯಾಂಕಿಗೆ ಹೇಳಿದರೆ ಅವರು ಎರಡನೆಯದರಲ್ಲಿ ದಾಖಲಿಸಬಹುದು. ಆದರೆ ಕಾರ್ಡಿನಲ್ಲಿ ವಹಿವಾಟು ಒಂದೇ ಇದೆ. ಅದು ಅಲ್ಲಿಗೇ ತಿರಸ್ಕೃತವಾಗುತ್ತದೆ. ಈ ಬಗೆಯ ತಕರಾರುಗಳಿಗೆ ವೀಸಾ ಇಟ್ಟಿರುವ ಮಿತಿ 120 ದಿನ. ನಿಮ್ಮ ಬ್ಯಾಂಕ್ ಇನ್ನೂ ಬೇಗ ಕೇಳಬಹುದು. 10 ದಿನ ಕಾಯುವುದರಿಂದ ಏನೂ ಹೋಗುವುದಿಲ್ಲ. ಮಾರಾಟಗಾರರಿಗೆ ಬರೆದು ಕೇಳಿದ್ದೀರಾ ಎಂದು ಬ್ಯಾಂಕಿನವರೂ ಮೊದಲು ಕೇಳುತ್ತಾರೆ.

ಶಾರದಮ್ಮ

ಪೊಟ್ಟಣದ ಚೀಟಿ ಸಿಕ್ಕಿತು! ಹಳೆಯ ಪೇಪರಿನ ಕಟ್ಟಿನಲ್ಲಿತ್ತು. ವಸೂಲಿಯ ಜಾಗದಲ್ಲಿ ಸೊನ್ನೆ ಎಂದೇ ಇದೆ. ಬೇರೆ ಪತ್ರ ಬರೆಯುತ್ತೇನೆ.

ವಸುಧಾ

ಆರನೆಯ ದಿನ ಉತ್ತರ ಬಂತು. ಹಾಗೆಯೇ ಹಾಕುತ್ತೇನೆ:

"ಪಾವತಿ ಪೂರ್ಣಗೊಂಡ ಸಮಯದಲ್ಲಿ ಕೂಪನ್‌ನ ಅವಧಿ ಮುಗಿದಿದ್ದ ಕಾರಣ ರಿಯಾಯಿತಿ ಅನ್ವಯವಾಗಿಲ್ಲ. ಹೆಚ್ಚುವರಿ ಡೆಲಿವರಿ ಶುಲ್ಕ 80 ಅನ್ನು ನಿಮ್ಮ ಕಾರ್ಡಿಗೆ ಮರಳಿಸಲಾಗಿದೆ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತ, ಮುಂದಿನ ಖರೀದಿಗೆ 250ರ ಹೊಸ ಕೂಪನ್ ನೀಡುತ್ತಿದ್ದೇವೆ."

80 ಬಂದಿದೆ. ಹೊಸ ಕೂಪನ್‌ಗೂ 1500ರ ಕನಿಷ್ಠ ಖರೀದಿ, 15 ದಿನದ ಅವಧಿ. ನನಗೆ ಸದ್ಯ ಕೊಳ್ಳುವಂಥದ್ದು ಏನೂ ಇಲ್ಲ.

ಗಿರಿಧರ

ತೆಗೆದುಕೊಂಡು ಬಿಡಿ. 80 ಬಂತು, 250ರ ಕೂಪನ್ನೂ ಬಂತು. ಕೇಳಿದ 330 ಪೂರ್ತಿ ಸಿಕ್ಕಂತಾಯಿತು.

ನೇತ್ರಾ

ಇಲ್ಲ ಗಿರಿಧರ ಅವರೇ. 250 ತಮ್ಮ ಕೈಗೆ ಬರಬೇಕಾದರೆ ಅವರು ಇನ್ನೂ 1500 ಖರ್ಚು ಮಾಡಬೇಕು. ಅದು ಮರುಪಾವತಿ ಹೇಗಾಗುತ್ತದೆ? ಅವರ ಉತ್ತರದ ಮೊದಲ ವಾಕ್ಯವನ್ನೂ ನೋಡಿ. ರಿಯಾಯಿತಿ ಅನ್ವಯವಾಗಿಲ್ಲ ಎಂದು ಅವರೇ ಬರೆದುಕೊಟ್ಟಿದ್ದಾರೆ. ಹಾಗಾದರೆ ಆರ್ಡರ್ 1600ರದ್ದು, ಡೆಲಿವರಿ ಉಚಿತ. ಇನ್ನೊಂದು 80 ಅವರ ಬಳಿಯೇ ಉಳಿದಿದೆ.

ಲೆಕ್ಕದ ಪುಟ

ಅದೇ. ಮೊದಲ ಪತ್ರದ ಕೊನೆಯ ಭಾಗವನ್ನು ಅವರು ಓದಿಲ್ಲ, ಅಥವಾ ಓದಿ ಬಿಟ್ಟಿದ್ದಾರೆ. ಈಗ ಉದ್ದ ಪತ್ರ ಬೇಡ. ಅದೇ ದೂರಿನ ಸಂಖ್ಯೆಯ ಕೆಳಗೆ, ಅವರ ವಾಕ್ಯವನ್ನೇ ಎತ್ತಿ ಬರೆದು, ಉಳಿದ 80 ಕೇಳಿ. ಹೊಸ ಕೂಪನ್ನನ್ನು ಬಳಸುವ ಮುನ್ನ ಯೋಚಿಸಿ. ಬಳಸಿದರೆ ಇತ್ಯರ್ಥವನ್ನು ಒಪ್ಪಿಕೊಂಡಿರಿ ಎಂದು ವಾದಿಸಲು ಅವರಿಗೆ ದಾರಿಯಾಗುತ್ತದೆ.

250ರ ಬಗ್ಗೆ ನನಗೆ ಖಚಿತವಾದ ಮಾತಿಲ್ಲ. 11:54ರ ಪ್ರಯತ್ನ ಏಕೆ ವಿಫಲವಾಯಿತು ಎಂದು ಬ್ಯಾಂಕಿನಿಂದ ಬರೆಸಿಕೊಂಡರೆ ಬಲ ಬರುತ್ತದೆ. ಕಾರಣ ಬ್ಯಾಂಕಿನದೋ ಅಂಗಡಿಯದೋ ಆಗಿದ್ದರೆ ವಾದ ಗಟ್ಟಿ. ನೀವು ಒಟಿಪಿ ತಪ್ಪಾಗಿ ಹಾಕಿದ್ದರೆ ಅಷ್ಟು ಗಟ್ಟಿಯಲ್ಲ.

ಮಧುಸೂದನ

ನನ್ನ ಮಟ್ಟಿಗೆ ಹಸಿರು ಗುರುತು ಬಂದರೆ ಮಾತು ಕೊಟ್ಟಂತೆ. ಕಾರಣ ಯಾರದ್ದಾದರೂ ಆಗಲಿ.

ಗಿರಿಧರ

ಅವಧಿ ಎಂದರೆ ಅವಧಿ. ಇದರಲ್ಲಿ ನಾವಿಬ್ಬರೂ ಒಪ್ಪುವಂತೆ ಕಾಣುವುದಿಲ್ಲ. ಆದರೆ ಉಳಿದ 80ರ ವಿಷಯದಲ್ಲಿ ನೇತ್ರಾ ಅವರ ಲೆಕ್ಕವನ್ನು ಒಪ್ಪುತ್ತೇನೆ.

ವಸುಧಾ

ಈಗ ಕಳಿಸಿದ್ದು ಇಷ್ಟೇ:

> ನಿಮ್ಮ ಉತ್ತರದಲ್ಲಿ "ರಿಯಾಯಿತಿ ಅನ್ವಯವಾಗಿಲ್ಲ" ಎಂದು ತಿಳಿಸಿದ್ದೀರಿ. ಹಾಗಿದ್ದಲ್ಲಿ ಆರ್ಡರ್‌ನ ಮೊತ್ತ 1600 ಆಗಿದ್ದು, ನಿಮ್ಮ ನಿಯಮದಂತೆ ಡೆಲಿವರಿ ಉಚಿತ. ಬಾಕಿ 80 ಅನ್ನು 7 ದಿನಗಳೊಳಗೆ ಅದೇ ಕಾರ್ಡಿಗೆ ಮರಳಿಸಿ. ಹೊಸ ಕೂಪನ್ನನ್ನು ನಾನು ಬಳಸಿಲ್ಲ, 250ರ ಬದಲಿಯಾಗಿ ಸ್ವೀಕರಿಸಿಯೂ ಇಲ್ಲ. ಆ ಬೇಡಿಕೆ ಹಾಗೆಯೇ ಉಳಿದಿದೆ.

ಬ್ಯಾಂಕಿಗೂ 11:54ರ ಬಗ್ಗೆ ಕೇಳಿ ಬರೆದಿದ್ದೇನೆ. ಒಟಿಪಿ ಸರಿಯಾಗಿಯೇ ಹಾಕಿದ ನೆನಪು, ಆದರೆ ಆ ಹೊತ್ತಿನಲ್ಲಿ ಅದು ಬರುವುದೇ ತಡವಾಗಿತ್ತು. ಅವರ ಉತ್ತರ ಬಂದ ದಿನ ಇಲ್ಲಿ ಹಾಕುತ್ತೇನೆ. ಶಾರದಮ್ಮ, ನಿಮ್ಮ ಪತ್ರ ಏನಾಯಿತು?

ಶಾರದಮ್ಮ

ನಿನ್ನೆ ಕಳಿಸಿದೆ. ಚೀಟಿಯ ಫೋಟೋ ತೆಗೆಯುವಾಗ ಸೊನ್ನೆಯ ಮೇಲೆ ಬೆಳಕು ಬಿದ್ದು ಮಸುಕಾಗುತ್ತಿತ್ತು. ಮೊಮ್ಮಗಳು ಕಿಟಕಿಯ ಪಕ್ಕದಲ್ಲಿ ಹಿಡಿದು ತೆಗೆದುಕೊಟ್ಟಳು.